ದುಡ್ಡು ಕೊಟ್ಟ ಮಾತ್ರಕ್ಕೆ ಲೋಗೋ ನಿಮ್ಮದಾಗಲ್ಲ ಸ್ವಾಮಿ!

"ದುಡ್ಡು ಕೊಟ್ಟಾಗಿದೆ, ಇನ್ನು ಲೋಗೋ ನಂದೇ ಅಲ್ವಾ?" ಮುಂಬಯಿಯ ನಮ್ಮ ಕನ್ನಡದ ವ್ಯಾಪಾರಿಗಳ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೋಟೆಲ್ಲಿನವರು, ತಿಂಡಿ ಪ್ಯಾಕ್ ಮಾಡಿ ಮಾರುವವರು, ಟ್ಯೂಷನ್ ಕ್ಲಾಸ್ ನಡೆಸುವವರು, ಎಲ್ಲರದ್ದೂ ಇದೇ ವಾದ. ಅಂಗಡಿಗೆ ಹೋಗಿ ಕಾಸು ಕೊಟ್ಟು ಕುಕ್ಕರ್ ತಂದರೆ ಕುಕ್ಕರ್ ನಮ್ಮದಾಗುತ್ತದೆ, ಹಾಗೇ ಲೋಗೋ ಕೂಡ ಅಂತ ಅವರ ಲೆಕ್ಕ. ಇತ್ತ ಮನೆಯಲ್ಲೇ ಕೂತು ಡಿಸೈನ್ ಮಾಡುವ ನಮ್ಮ ಹುಡುಗರದ್ದು ಇನ್ನೊಂದು ಹಟ. "ಲೋಗೋ ಕೊಟ್ಟಾಯ್ತಲ್ಲ, ಸೋರ್ಸ್ ಫೈಲ್ ಯಾಕೆ ಕೊಡಬೇಕು? ಅದು ನನ್ನ ಕಷ್ಟದ್ದು" ಅಂತ.

ನಾನು ಹೇಳೋದು ಇಷ್ಟೇ. ಮೊದಲನೆಯವರು ಕಾನೂನಿನಲ್ಲಿ ತಪ್ಪು, ಎರಡನೆಯವರು ವ್ಯವಹಾರದಲ್ಲಿ ತಪ್ಪು. ಇಬ್ಬರ ಜಗಳಕ್ಕೂ ಒಂದೇ ಕಾರಣ, ಒಂದು ಪುಟದ ಕರಾರು ಬರೆದುಕೊಳ್ಳುವ ಸೋಮಾರಿತನ. "ನಮ್ಮ ಊರಿನ ಹುಡುಗ, ಅವನ ಹತ್ರ ಎಂಥ ಕಾಗದ ಮಾರಾಯ್ರೆ" ಅನ್ನುವ ಒಳ್ಳೆಯತನದ ಹೆಸರಿನಲ್ಲಿ ಈ ಸೋಮಾರಿತನ ಅಡಗಿ ಕೂತಿದೆ.

ನನಗೆ ಚೆನ್ನಾಗಿ ಗೊತ್ತಿರುವ ಒಂದು ಪ್ರಕರಣ ಹೇಳ್ತೀನಿ. ಹೆಸರು ಬೇಡ, ಇಬ್ಬರೂ ಬೇಕಾದವರೇ. ಡೊಂಬಿವಿಲಿಯಲ್ಲಿ ಚಕ್ಕುಲಿ, ಕೋಡುಬಳೆ, ಹಪ್ಪಳ ಮಾಡಿ ಮಾರುವ ಕರಾವಳಿ ಕಡೆಯ ಒಬ್ಬ ಹಿರಿಯರು 2019ರಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗನ ಹತ್ತಿರ ಲೋಗೋ ಮಾಡಿಸಿದರು. ಮಾತಿನಲ್ಲೇ 15 ಸಾವಿರಕ್ಕೆ ಒಪ್ಪಂದ. ಹುಡುಗ ಮೂರು ಮಾದರಿ ತೋರಿಸಿದ, ಇವರು ಒಂದನ್ನು ಆರಿಸಿದರು, ಅವನು 800 ಪಿಕ್ಸೆಲ್ ಅಗಲದ ಒಂದು ಜೆಪಿಜಿ ಮೇಲ್ ಮಾಡಿದ. ದುಡ್ಡು ಸಂದಾಯವಾಯಿತು. ಲೇಬಲ್ಲಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಅದೇ ಜೆಪಿಜಿ ಚೆನ್ನಾಗಿಯೇ ಕೂತಿತು. ನಾಲ್ಕು ವರ್ಷ ಯಾರಿಗೂ ಏನೂ ತಕರಾರಿಲ್ಲ.

2023ರಲ್ಲಿ ಹಿರಿಯರು ಪುಣೆಯಲ್ಲಿ ಇನ್ನೊಂದು ಅಂಗಡಿ ತೆರೆಯಲು ಹೊರಟರು. ಹತ್ತು ಅಡಿ ಬೋರ್ಡು ಬೇಕು, ಜೊತೆಗೆ ಅಚ್ಚು ಹಾಕಿದ ಪೌಚು ಬೇಕು. ಪ್ರಿಂಟರು ಜೆಪಿಜಿ ನೋಡಿ ನಕ್ಕ. ಲೆಕ್ಕ ನೋಡಿ: ಅಚ್ಚಿಗೆ ಸಾಮಾನ್ಯವಾಗಿ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು ಅಂತಾರೆ. 800 ಪಿಕ್ಸೆಲ್ಲಿಗೆ ಎರಡೂಮುಕ್ಕಾಲು ಇಂಚಿಗಿಂತ ಕಡಿಮೆ ಅಗಲ ಸಿಗುತ್ತದೆ. ಬೋರ್ಡಿಗೆ ದೂರದಿಂದ ನೋಡುವುದರಿಂದ ಅಷ್ಟು ಬೇಡ ಅಂತಿಟ್ಟುಕೊಂಡರೂ, ಹತ್ತು ಅಡಿ ಅಂದರೆ 120 ಇಂಚು. 800ನ್ನು 120ರಿಂದ ಭಾಗಿಸಿದರೆ ಇಂಚಿಗೆ ಆರೋ ಏಳೋ ಪಿಕ್ಸೆಲ್. ಬೋರ್ಡಿನ ಮೇಲೆ ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. "ವೆಕ್ಟರ್ ಫೈಲ್ ತನ್ನಿ" ಅಂದ ಪ್ರಿಂಟರು.

ಹಿರಿಯರು ಹುಡುಗನಿಗೆ ಫೋನ್ ಮಾಡಿದರು. "ಅಣ್ಣಾರ, ಓಪನ್ ಫೈಲ್ ಬೇಕಂದ್ರ 35 ಸಾವಿರ ಆಗ್ತದ್ರಿ" ಅಂದ. "ನನ್ನ ಲೋಗೋಗೆ ನಾನೇ ಮತ್ತೆ ದುಡ್ಡು ಕೊಡ್ಬೇಕಾ? ಕೋರ್ಟಿಗೆ ಹಾಕ್ತೇನೆ" ಅಂತ ಇವರು. ವಕೀಲರ ಹತ್ತಿರ ಹೋದ ಮೇಲೆ ಗೊತ್ತಾದದ್ದು: ಕೋರ್ಟಿಗೆ ಹೋದರೆ ಇವರ ಕೈಯಲ್ಲಿ ಇರುವುದು ಒಂದು ಜೆಪಿಜಿ ಮತ್ತು ದುಡ್ಡು ಕಳಿಸಿದ ಬ್ಯಾಂಕಿನ ದಾಖಲೆ, ಅಷ್ಟೇ. ಹಕ್ಕಿನ ಕಾಗದ ಒಂದೂ ಇಲ್ಲ.

ಯಾಕೆ ಹೀಗೆ? ನಮ್ಮ ಕಾಪಿರೈಟ್ ಕಾಯ್ದೆ, 1957ರ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಮಾಲೀಕ ಅದನ್ನು ರಚಿಸಿದವನೇ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಿಮ್ಮ ಹತ್ತಿರ ಸಂಬಳಕ್ಕಿರುವ ನೌಕರ ತನ್ನ ನೌಕರಿಯ ಕೆಲಸವಾಗಿ ಮಾಡಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರು ನೀವೇ. ಆದರೆ ಫ್ರೀಲ್ಯಾನ್ಸ್ ಹುಡುಗ ನಿಮ್ಮ ನೌಕರನಲ್ಲ. ಮನೆಗೆ ಬಣ್ಣ ಹೊಡೆಯಲು ಕರೆದ ಕಂಟ್ರಾಕ್ಟರ್ ನಿಮ್ಮ ನೌಕರನಲ್ಲವಲ್ಲ, ಹಾಗೆ. ಇನ್ನೊಂದು ವಿನಾಯಿತಿ ಇದೆ: ದುಡ್ಡು ಕೊಟ್ಟು ಹೇಳಿ ಮಾಡಿಸಿದ ಫೋಟೋ, ಪೇಂಟಿಂಗ್, ಭಾವಚಿತ್ರ, ಕೆತ್ತನೆ, ಸಿನಿಮಾ ಇವುಗಳಿಗೆ ಮಾಡಿಸಿದವರೇ ಮೊದಲ ಮಾಲೀಕರು. ಮದುವೆಯ ಫೋಟೋ ನಿಮ್ಮದಾಗುವುದು ಹೀಗೆ. ಆ ಪಟ್ಟಿಯಲ್ಲಿ ಲೋಗೋ ಅಂತ ಇಲ್ಲ, ರೇಖಾಚಿತ್ರ ಅಂತಲೂ ಇಲ್ಲ. ಲೋಗೋ ಕೂಡ ಪೇಂಟಿಂಗೇ ಅಂತ ನಿಮ್ಮ ವಕೀಲರು ವಾದ ಮಾಡಬಹುದು. ಆದರೆ ವಾದ ಮಾಡಬೇಕಾದ ಸ್ಥಿತಿಗೆ ಬಂದಿರಿ ಅಂದರೆ ಅರ್ಧ ಸೋತ ಹಾಗೇ.

"ಬೋರ್ಡಿಗೆ ಹಾಕಿಕೊಳ್ಳಲಿ ಅಂತಲೇ ಮಾಡಿಕೊಟ್ಟ, ಬಳಸಬೇಡ ಅಂತ ಹೇಗೆ ಹೇಳ್ತಾನೆ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಯಾವ ಉದ್ದೇಶಕ್ಕೆ ಮಾಡಿಸಿದ್ದೋ ಆ ಉದ್ದೇಶಕ್ಕೆ ಬಳಸಲು ನಿಮಗೆ ಅನುಮತಿ ಇದ್ದೇ ಇದೆ ಅಂತ ಕೋರ್ಟು ಊಹಿಸಿಕೊಳ್ಳಬಹುದು. ಆದರೆ ಅನುಮತಿ ಬೇರೆ, ಮಾಲೀಕತ್ವ ಬೇರೆ. ಬಾಡಿಗೆ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದರೂ ಅದನ್ನು ಮಾರಲು ಬರುವುದಿಲ್ಲ. "ಬೇರೆ ಯಾರಾದರೂ ಹುಡುಗನ ಕೈಲಿ ಟ್ರೇಸ್ ಮಾಡಿಸ್ತೀನಿ ಬಿಡಿ" ಅನ್ನುವುದೂ ಪರಿಹಾರವಲ್ಲ. ಇನ್ನೊಬ್ಬರ ಚಿತ್ರವನ್ನು ಹಾಗೇ ಮತ್ತೆ ಬಿಡಿಸುವುದೂ ಪ್ರತಿ ಮಾಡಿದ ಹಾಗೇ, ಆ ಹಕ್ಕು ಮಾಲೀಕನದ್ದು.

ಇನ್ನು ಕೆಲವರು ಗಟ್ಟಿ ಧೈರ್ಯದಿಂದ ಹೇಳುತ್ತಾರೆ, "ನಾನು ಟ್ರೇಡ್‌ಮಾರ್ಕ್ ಮಾಡಿಸಿದ್ದೀನಿ, ನನಗೇನೂ ಆಗಲ್ಲ". ಇವು ಎರಡು ಬೇರೆ ಬೇರೆ ಹಕ್ಕುಗಳು ಸ್ವಾಮಿ. ಆ ಗುರುತಿನಿಂದ ವ್ಯಾಪಾರ ಮಾಡುವ ಹಕ್ಕು ಟ್ರೇಡ್‌ಮಾರ್ಕ್. ಆ ಚಿತ್ರದ ಹಕ್ಕು ಕಾಪಿರೈಟ್. ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ 11ನೇ ಕಲಮಿನಲ್ಲಿ ಒಂದು ಮಾತಿದೆ: ಕಾಪಿರೈಟ್ ಕಾನೂನಿನ ಬಲದಿಂದ ಯಾವ ಗುರುತಿನ ಬಳಕೆಯನ್ನು ತಡೆಯಲು ಸಾಧ್ಯವೋ ಅದನ್ನು ನೋಂದಾಯಿಸುವಂತಿಲ್ಲ. ಚಿತ್ರದ ಮಾಲೀಕ ಸ್ವತಃ ಬಂದು ಆಕ್ಷೇಪಣೆ ಎತ್ತಬೇಕು ಅನ್ನುವುದು ನಿಜ. ಆದರೆ ಮನಸ್ತಾಪ ಆದ ಡಿಸೈನರ್ ಎತ್ತುವುದಿಲ್ಲ ಅಂತ ಏನು ಗ್ಯಾರಂಟಿ?

ಇಲ್ಲಿವರೆಗೆ ಓದಿದ ವ್ಯಾಪಾರಿ ಮಿತ್ರರು "ಸರಿ, ಒಂದು ಕಾಗದದ ಮೇಲೆ ಎಲ್ಲ ಹಕ್ಕು ಇವರಿಗೆ ಅಂತ ಬರೆಸಿ ಸಹಿ ಹಾಕಿಸಿಕೊಂಡರಾಯ್ತು" ಅಂದುಕೊಂಡಿರಬಹುದು. ನಿಜವಾದ ಗುಂಡಿ ಇರುವುದು ಅಲ್ಲೇ. ಬಹಳ ಜನ ಬೀಳುವುದೂ ಅಲ್ಲೇ.

ಅದೇ ಕಾಪಿರೈಟ್ ಕಾಯ್ದೆಯ 19ನೇ ಕಲಂ ಹಕ್ಕು ವರ್ಗಾವಣೆ ಹೇಗಿರಬೇಕು ಅಂತ ಹೇಳುತ್ತದೆ. ಅದು ಬರಹದಲ್ಲಿರಬೇಕು, ಹಕ್ಕು ಕೊಡುವವನ ಅಥವಾ ಅವನು ಅಧಿಕಾರ ಕೊಟ್ಟವರ ಸಹಿ ಇರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಪ್ರತಿಫಲಕ್ಕೆ ಅಂತ ಬರೆದಿರಬೇಕು. ಕಾಲಾವಧಿ ಬರೆಯದೆ ಬಿಟ್ಟರೆ ಏನಾಗುತ್ತದೆ ಗೊತ್ತೇ? ಐದು ವರ್ಷ ಅಂತ ಕಾನೂನು ತಾನೇ ತುಂಬಿಕೊಳ್ಳುತ್ತದೆ! "ಎಲ್ಲ ಹಕ್ಕುಗಳನ್ನೂ ಕೊಟ್ಟಿದ್ದೇನೆ" ಅಂತ ದಪ್ಪ ಅಕ್ಷರದಲ್ಲಿ ಬರೆಸಿಕೊಂಡು ಕಪಾಟಿನಲ್ಲಿ ಭದ್ರವಾಗಿ ಇಟ್ಟ ಕಾಗದ ಆರನೇ ವರ್ಷಕ್ಕೆ ರದ್ದಿ. ಅಷ್ಟರಲ್ಲಿ ನಿಮ್ಮ ಅಂಗಡಿ ಹೆಸರು ಮಾಡಿರುತ್ತದೆ, ಲೋಗೋ ಜನರ ಕಣ್ಣಿಗೆ ಅಂಟಿರುತ್ತದೆ. ಲೋಗೋಗೆ ಬೆಲೆ ಬರುವುದೇ ಆಗ.

ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಊಹೆ. ದುಬೈಗೆ, ಮಸ್ಕತ್ತಿಗೆ ಹಪ್ಪಳ ಕಳಿಸುವವರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ? ಮೂರನೆಯದು ಇನ್ನೂ ಸೂಕ್ಷ್ಮ. ಹಕ್ಕು ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದೆ ಹೋದರೆ, ಕರಾರಿನಲ್ಲಿ ಬೇರೆ ರೀತಿ ಹೇಳದ ಹೊರತು, ವರ್ಗಾವಣೆ ಬಿದ್ದುಹೋಗುತ್ತದೆ. ಈಗ ಲೋಗೋ ಮಾಡಿಸಿ ಇಟ್ಟು, ಜಾಗ ಸಿಗದೆ, ಲೈಸೆನ್ಸ್ ಸಿಗದೆ ಎರಡು ವರ್ಷ ತಡವಾಗಿ ಅಂಗಡಿ ತೆರೆಯುವವರು ಇದನ್ನು ನೆನಪಿಡಬೇಕು.

ಇಷ್ಟಕ್ಕೂ ಈ ಮೂರು ಗುಂಡಿ ಮುಚ್ಚಲು ಬೇಕಾದದ್ದು ಮೂರು ವಾಕ್ಯ. "ಕಾಪಿರೈಟಿನ ಪೂರ್ಣ ಅವಧಿಗೆ" ಅಂತ ಒಂದು. ಆ ಅವಧಿ ಅಂದರೆ ರಚಿಸಿದವನ ಜೀವಮಾನ ಮತ್ತು ಅವನ ನಂತರ 60 ವರ್ಷ. "ಇಡೀ ಜಗತ್ತಿಗೆ" ಅಂತ ಇನ್ನೊಂದು. "ಒಂದು ವರ್ಷದೊಳಗೆ ಬಳಸದಿದ್ದರೂ ಈ ವರ್ಗಾವಣೆ ರದ್ದಾಗದು" ಅಂತ ಮತ್ತೊಂದು. ಮೂರು ವಾಕ್ಯಕ್ಕೆ ಸೋಮಾರಿತನ ಮಾಡಿ ಮೂವತ್ತು ವರ್ಷದ ಹೆಸರನ್ನು ಗಾಳಿಗೆ ಬಿಡುವುದು ಯಾವ ವ್ಯಾಪಾರದ ಬುದ್ಧಿ?

ಇಂಟರ್ನೆಟ್ಟಿನಿಂದ ಕರಾರು ಇಳಿಸಿಕೊಳ್ಳುವವರಿಗೂ ಒಂದು ಮಾತು. ಅಲ್ಲಿ ಸಿಗುವ ಮಾದರಿಗಳಲ್ಲಿ "ವರ್ಕ್ ಮೇಡ್ ಫಾರ್ ಹೈರ್" ಅನ್ನುವ ಪದ ಇರುತ್ತದೆ. ಅದು ಅಮೆರಿಕದ ಕಾನೂನಿನ ಮಾತು. ನಮ್ಮ ಕಾಯ್ದೆಯಲ್ಲಿ ಆ ಪದವೇ ಇಲ್ಲ. ಅಮೆರಿಕದಲ್ಲೂ ಫ್ರೀಲ್ಯಾನ್ಸರ್ ಮಾಡಿದ ಕೆಲಸ ಕಾಯ್ದೆ ಹೇಳಿದ ಕೆಲವು ವರ್ಗಗಳಿಗೆ ಸೇರಿದರೆ ಮಾತ್ರ ಅದು ನಡೆಯುತ್ತದೆ, ಆ ಪಟ್ಟಿಯಲ್ಲೂ ಲೋಗೋ ಅಂತ ಇಲ್ಲ. ಆದ್ದರಿಂದ ಆ ಒಂದು ಪದವನ್ನೇ ನಂಬಿ ಕೂರಬೇಡಿ. "ಹಕ್ಕನ್ನು ವರ್ಗಾಯಿಸಿದ್ದೇನೆ" ಅನ್ನುವ ನೇರ ಮಾತು ಇರಲೇಬೇಕು. ಏಜೆನ್ಸಿಯಿಂದ ಮಾಡಿಸಿದ್ದರೆ ಅವರು ಹೊರಗಿನ ಹುಡುಗನಿಂದ ಮಾಡಿಸಿ ನಿಮಗೆ ಕೊಟ್ಟಿರಬಹುದು. ಆ ಹುಡುಗ ಏಜೆನ್ಸಿಗೆ ಬರೆದುಕೊಟ್ಟಿದ್ದಾನೆಯೇ ಅಂತ ಕೇಳಿ. ತನ್ನ ಹತ್ತಿರ ಇಲ್ಲದ್ದನ್ನು ಏಜೆನ್ಸಿ ನಿಮಗೆ ಕೊಡಲಾರದು.

ಈಗ ಡಿಸೈನರ್ ಹುಡುಗರ ಕಡೆ ತಿರುಗೋಣ. ನನ್ನ ಸಿಟ್ಟು ಅವರ ಮೇಲೂ ಅಷ್ಟೇ ಇದೆ.

ಸೋರ್ಸ್ ಫೈಲ್ ವಿಷಯದಲ್ಲಿ ಕಾಪಿರೈಟ್ ಕಾಯ್ದೆ ಏನೂ ಹೇಳುವುದಿಲ್ಲ. ಹಕ್ಕು ವರ್ಗಾಯಿಸಿದ ಮಾತ್ರಕ್ಕೆ ಫೈಲ್ ಕೊಡಬೇಕು ಅಂತಿಲ್ಲ, ಫೈಲ್ ಕೊಟ್ಟ ಮಾತ್ರಕ್ಕೆ ಹಕ್ಕು ಹೋದ ಹಾಗೂ ಅಲ್ಲ. ಅದು ಪೂರ್ತಿ ಕರಾರಿನ ವಿಷಯ. ಮಾತಾಡದೆ ಇದ್ದರೆ ಇಬ್ಬರೂ ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ. ಹಿಂದೆ ಬ್ಲಾಕಿನ ಕಾಲದಲ್ಲಿ, ಆಮೇಲೆ ಫಿಲ್ಮ್ ಪಾಸಿಟಿವ್ ಕಾಲದಲ್ಲಿ ಕೂಡ ಇದೇ ಜಗಳ ಇತ್ತು. ಬ್ಲಾಕು ಪ್ರೆಸ್ಸಿನದ್ದೋ ಗಿರಾಕಿಯದ್ದೋ ಅಂತ.

ಒಂದು ಮ್ಯಾಗಜೀನಿನ ಪುಟ, ಒಂದು ಬ್ರೋಷರ್, ಇವುಗಳ ಓಪನ್ ಫೈಲಿಗೆ ಬೇರೆ ದುಡ್ಡು ಕೇಳಿದರೆ ನಾನು ಒಪ್ಪುತ್ತೇನೆ. ಆ ಪುಟ ಅಚ್ಚಾದ ಮೇಲೆ ಅದರ ಕೆಲಸ ಮುಗಿಯಿತು. ಮುಂದಿನ ಸಲಕ್ಕೆ ಅದನ್ನೇ ತಿದ್ದಿ ಬಳಸುತ್ತೀರಿ ಅಂದರೆ ಡಿಸೈನರಿನ ಮುಂದಿನ ಕೆಲಸ ಹೋದ ಹಾಗೆ, ಅದಕ್ಕೆ ಬೆಲೆ ಇದೆ. ಲೋಗೋ ಹಾಗಲ್ಲ. ಲೋಗೋ ಅನ್ನುವುದು ಅಂಗುಲದ ಸೈಜಿನಿಂದ ಅಡಿಗಟ್ಟಲೆ ಸೈಜಿನವರೆಗೆ ಎಲ್ಲ ಕಡೆ ಬಳಸುವ ಸಾಮಾನು. ಕೈಗೆ ಬರೀ ಜೆಪಿಜಿ ಕೊಡುವುದು ಅಂದರೆ ಬೀಗ ಕೊಟ್ಟು ಕೀಲಿ ಇಟ್ಟುಕೊಂಡ ಹಾಗೆ. ಲೋಗೋ ಕೆಲಸದಲ್ಲಿ ವೆಕ್ಟರ್ ಫೈಲೇ ಮಾಲು. ಅದರ ಬೆಲೆ ಮೊದಲೇ ಸೇರಿಸಿ ಕೇಳಿ. 15 ಸಾವಿರ ಸಾಲದಿದ್ದರೆ 25 ಅನ್ನಿ, ಗಿರಾಕಿ ಬೇಕಾದರೆ ಒಪ್ಪುತ್ತಾನೆ, ಬೇಡವಾದರೆ ಬಿಡುತ್ತಾನೆ. ಕಡಿಮೆ ಹೇಳಿ ಹಿಡಿದು, ಅವನು ಇಕ್ಕಟ್ಟಿಗೆ ಸಿಕ್ಕಾಗ 35 ಕೇಳುವುದು ದಂಧೆಯಲ್ಲ, ಒತ್ತೆ.

ಹಾಗಂತ ಎಲ್ಲವನ್ನೂ ಕೊಡಬೇಕಾಗಿಲ್ಲ. ಕೊಡಬೇಕಾದದ್ದು ಆರಿಸಿದ ಲೋಗೋದ ಕೊನೆಯ ವೆಕ್ಟರ್ ಫೈಲು. ಅದು ಮಾಡಿದ ಸಾಫ್ಟ್‌ವೇರಿನದ್ದೇ ಒಂದು, ಅಂದರೆ `.ai` ಅಥವಾ `.cdr`, ಜೊತೆಗೆ ಯಾರು ಬೇಕಾದರೂ ತೆರೆಯಬಹುದಾದ `.pdf` ಮತ್ತು `.svg`. ಪೂರ್ತಿ ಬಣ್ಣದ್ದು, ಒಂದೇ ಬಣ್ಣದ್ದು, ಎರಡೂ. ಬಣ್ಣದ ಸಂಖ್ಯೆಗಳು, ಅಚ್ಚಿಗೆ ಸಿಎಂವೈಕೆ, ಪರದೆಗೆ ಆರ್‌ಜಿಬಿ. ಆರಿಸದೆ ಬಿಟ್ಟ ಉಳಿದ ಎರಡು ಮಾದರಿ, ಕಚ್ಚಾ ಚಿತ್ರಗಳು, ಪ್ರಯೋಗ ಮಾಡಿದ ಲೇಯರುಗಳು ಡಿಸೈನರಿನವೇ. ಗಿರಾಕಿ ದುಡ್ಡು ಕೊಟ್ಟದ್ದು ಒಂದಕ್ಕೆ, ಮೂರಕ್ಕಲ್ಲ. ಇದನ್ನು ಕರಾರಿನಲ್ಲಿ ಬರೆಯದೆ ಹೋದರೆ ಗಿರಾಕಿ ಅದನ್ನೂ ತನ್ನದೆನ್ನುತ್ತಾನೆ.

ಕನ್ನಡ ಅಕ್ಷರದ ಲೋಗೋ ಆದರೆ ಇನ್ನೊಂದು ಫಜೀತಿ. ಈಗಲೂ ಡಿಟಿಪಿ ಕೆಲಸದಲ್ಲಿ ಯುನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳ ಬಳಕೆ ಇದೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ, ಅಂದರೆ ಮುಂಬಯಿ ಪುಣೆಯ ಬಹುಪಾಲು ಪ್ರೆಸ್ಸುಗಳಲ್ಲಿ, ಫೈಲ್ ತೆರೆದರೆ ನಿಮ್ಮ ಅಂಗಡಿಯ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮರಾಠಿ ಪ್ರಿಂಟರಿಗೆ ಅದು ತಪ್ಪು ಅಂತಲೂ ಗೊತ್ತಾಗದೆ ಅಚ್ಚಾಗಿಬಿಡಬಹುದು. ಅದಕ್ಕೆ ಅಕ್ಷರಗಳನ್ನು ಕರ್ವ್ಸ್ ಮಾಡಿಯೇ ಫೈಲ್ ಕೊಡಬೇಕು. ಕೋರಲ್‌ಡ್ರಾದಲ್ಲಿ `Convert to Curves`, ಇಲಸ್ಟ್ರೇಟರಿನಲ್ಲಿ `Create Outlines`. ಫಾಂಟಿನ ಲೈಸೆನ್ಸ್ ಸಾಮಾನ್ಯವಾಗಿ ಡಿಸೈನರಿನ ಹೆಸರಿನಲ್ಲಿರುತ್ತದೆ. ಲೋಗೋದ ಜೊತೆ ಫಾಂಟ್ ಫೈಲನ್ನೂ ಪೆನ್‌ಡ್ರೈವಿಗೆ ಹಾಕಿಕೊಡುವುದು ಬಹಳ ಸಲ ಆ ಲೈಸೆನ್ಸಿಗೆ ವಿರುದ್ಧ. ಫಾಂಟಿನ ಹೆಸರು ಬರೆದುಕೊಡಲಿ, ಬೇಕಾದರೆ ಗಿರಾಕಿ ತಾನೇ ಕೊಂಡುಕೊಳ್ಳಲಿ.

ಫೈಲ್ ಬಂದ ದಿನವೇ ಗಿರಾಕಿ ಪರೀಕ್ಷೆ ಮಾಡಬೇಕು. ಜೆಪಿಜಿಯನ್ನೇ ತೆಗೆದು ಇಲಸ್ಟ್ರೇಟರಿನಲ್ಲಿ ಇಟ್ಟು `.ai` ಅಂತ ಸೇವ್ ಮಾಡಿ ಕೊಡುವ ಚಾಲಾಕಿಗಳಿದ್ದಾರೆ. ಹೆಸರು ವೆಕ್ಟರ್, ಒಳಗೆ ಅದೇ ಪಿಕ್ಸೆಲ್. ಪಿಡಿಎಫ್ ತೆರೆದು 6400 ಪರ್ಸೆಂಟಿಗೆ ದೊಡ್ಡದು ಮಾಡಿ ನೋಡಿ. ಅಂಚು ಬ್ಲೇಡಿನ ಹಾಗೆ ಚೂಪಾಗಿ ಇದ್ದರೆ ಸರಿ, ಚೌಕ ಚೌಕ ಕಂಡರೆ ಮೋಸ. ನಿಮ್ಮ ಪ್ರೆಸ್ಸಿನವರು ಇಲಸ್ಟ್ರೇಟರಿನಲ್ಲಿ `Ctrl+Y` ಒತ್ತಿದರೆ ನಿಜವಾದ ವೆಕ್ಟರಿನ ಗೆರೆಗಳು ಎಳೆ ಎಳೆಯಾಗಿ ಕಾಣುತ್ತವೆ. ಚಿತ್ರವನ್ನೇ ತುರುಕಿದ್ದರೆ ಬರೀ ಒಂದು ಚೌಕಟ್ಟು ಕಾಣುತ್ತದೆ.

ಹಕ್ಕು ಯಾವಾಗ ಕೈ ಬದಲಾಗಬೇಕು ಅನ್ನುವುದು ಕೊನೆಯ ಪ್ರಶ್ನೆ. ಡಿಸೈನರಿಗೂ ಭಯವಿದೆ, ಫೈಲ್ ಕೊಟ್ಟ ಮೇಲೆ ಬಾಕಿ ದುಡ್ಡು ಬರುವುದಿಲ್ಲ ಅಂತ. ಸುಳ್ಳಲ್ಲ. "ಮುಂದಿನ ವಾರ ಬಾ" ಅಂತ ಆರು ತಿಂಗಳು ಅಲೆಸುವ ನಮ್ಮವರನ್ನು ನಾನೂ ಬಲ್ಲೆ. ಇದಕ್ಕೆ ಸರಳ ದಾರಿ, ಕೊನೆಯ ಕಂತು ಪೂರ್ತಿ ಸಂದಾಯವಾದ ಕ್ಷಣಕ್ಕೆ ಹಕ್ಕು ವರ್ಗಾವಣೆ ಅಂತ ಬರೆಯುವುದು. ಅಲ್ಲಿಯವರೆಗೆ ಲೋಗೋ ಡಿಸೈನರಿನದ್ದು, ದುಡ್ಡು ಕೊಡದೆ ಬೋರ್ಡಿಗೆ ಹಾಕಿದರೆ ತಡೆಯುವ ಹಕ್ಕು ಅವನಿಗಿದೆ. ದುಡ್ಡು ಬಂದ ಮೇಲೆ ಅವನ ಕೈಯಲ್ಲಿ ಹಿಡಿತ ಏನೂ ಉಳಿಯುವುದಿಲ್ಲ.

ಒಂದನ್ನು ಬಿಟ್ಟು. ಕಾಯ್ದೆಯ 57ನೇ ಕಲಂ ಪ್ರಕಾರ ಹಕ್ಕು ಮಾರಿದ ಮೇಲೂ ರಚಿಸಿದವನಿಗೆ ತನ್ನ ಹೆಸರು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ಬರುವ ಹಾಗೆ ಕೃತಿಯನ್ನು ವಿಕಾರ ಮಾಡುವುದನ್ನು ಪ್ರಶ್ನಿಸುವ ಹಕ್ಕು ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರ್ ನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಸರಕಾರ ಕಿತ್ತು ಗೋದಾಮಿಗೆ ಹಾಕಿತ್ತು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಭಾಗಗಳನ್ನು ಕಲಾವಿದರಿಗೆ ಮರಳಿಸಿ, ಐದು ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ತೀರ್ಪು ಕೊಟ್ಟಿತು. ದುಡ್ಡು ಕೊಟ್ಟು ಮಾಡಿಸಿದ್ದು ಸರಕಾರವೇ, ಆದರೂ! ಲೋಗೋವನ್ನು ಹತ್ತು ವರ್ಷಕ್ಕೊಮ್ಮೆ ತಿದ್ದುವುದು ಸಹಜ. ಆದ್ದರಿಂದ "ಬಣ್ಣ, ಆಕಾರ, ಅಕ್ಷರ ಬದಲಿಸಲು ನನ್ನ ಒಪ್ಪಿಗೆ ಇದೆ" ಅಂತ ಡಿಸೈನರಿನಿಂದ ಬರೆಸಿಕೊಳ್ಳಿ. ಪ್ರತಿಯಾಗಿ "ನನ್ನ ಕೆಲಸ ಅಂತ ಪೋರ್ಟ್‌ಫೋಲಿಯೋದಲ್ಲಿ ತೋರಿಸಿಕೊಳ್ಳಬಹುದು" ಅಂತ ಅವನಿಗೆ ಬರೆದುಕೊಡಿ. ನಿಮಗೆ ಅದರಿಂದ ನಷ್ಟವಿಲ್ಲ, ಅವನಿಗೆ ಅದೇ ಹೊಟ್ಟೆಪಾಡು.

ಹಾಗಾದರೆ ಕರಾರಿನಲ್ಲಿ ಏನಿರಬೇಕು? ನೇರವಾಗಿ ಬರೆದೇಬಿಡ್ತೀನಿ:

"ಈ ಕರಾರಿಗೆ ಲಗತ್ತಿಸಿದ ಚಿತ್ರದಲ್ಲಿರುವ ಲೋಗೋದ ಕಾಪಿರೈಟಿನ ಎಲ್ಲ ಹಕ್ಕುಗಳನ್ನು, ಒಟ್ಟು ರೂ. ಇಷ್ಟು ಪ್ರತಿಫಲಕ್ಕೆ, ಕಾಪಿರೈಟಿನ ಪೂರ್ಣ ಅವಧಿಗೆ ಮತ್ತು ಇಡೀ ಜಗತ್ತಿಗೆ ಅನ್ವಯವಾಗುವಂತೆ, ಕೊನೆಯ ಕಂತು ಸಂದ ದಿನದಿಂದ ಗಿರಾಕಿಗೆ ವರ್ಗಾಯಿಸಿದ್ದೇನೆ. ಒಂದು ವರ್ಷದೊಳಗೆ ಬಳಸದಿದ್ದರೂ ಈ ವರ್ಗಾವಣೆ ರದ್ದಾಗದು. ಅದೇ ದಿನ ಪಟ್ಟಿಯಲ್ಲಿ ಹೇಳಿದ ವೆಕ್ಟರ್ ಫೈಲುಗಳನ್ನು ಕೊಡುತ್ತೇನೆ. ಆರಿಸದ ಮಾದರಿಗಳು ಮತ್ತು ಕಚ್ಚಾ ಫೈಲುಗಳು ನನ್ನವು. ಲೋಗೋವನ್ನು ಮುಂದೆ ತಿದ್ದಲು ನನ್ನ ಒಪ್ಪಿಗೆ ಇದೆ. ಇದು ನನ್ನ ಸ್ವಂತ ರಚನೆ, ಬೇರೆಯವರಿಂದ ನಕಲು ಮಾಡಿದ್ದಲ್ಲ. ನನ್ನ ಕೆಲಸವೆಂದು ತೋರಿಸಿಕೊಳ್ಳುವ ಅವಕಾಶ ನನಗಿರುತ್ತದೆ."

ಇಷ್ಟೇ. ಲೋಗೋದ ಚಿತ್ರವನ್ನು ಅಚ್ಚು ಹಾಕಿ ಜೊತೆಗೆ ಪಿನ್ ಮಾಡಿ, ಅದರ ಮೇಲೂ ಇಬ್ಬರ ಸಹಿ ಇರಲಿ. ಇಲ್ಲದಿದ್ದರೆ ಯಾವ ಲೋಗೋ ಅನ್ನುವುದೇ ಮುಂದೆ ವಿವಾದವಾಗುತ್ತದೆ. ಸ್ಟಾಂಪ್ ಡ್ಯೂಟಿ ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಸರಿಯಾದ ಸ್ಟಾಂಪಿಲ್ಲದ ಕಾಗದವನ್ನು ಡ್ಯೂಟಿ ಮತ್ತು ದಂಡ ಕಟ್ಟುವವರೆಗೆ ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಅದೊಂದನ್ನು ನಿಮ್ಮೂರಿನ ವಕೀಲರ ಹತ್ತಿರ ಕೇಳಿಕೊಳ್ಳಿ.

ಈಗಾಗಲೇ ಲೋಗೋ ಮಾಡಿಸಿ ಕಾಗದ ಇಲ್ಲದೆ ಕೂತವರು? ಇವತ್ತೂ ಬರೆಸಿಕೊಳ್ಳಬಹುದು, ಹಳೆಯ ಕೃತಿಗೆ ಈಗ ವರ್ಗಾವಣೆ ಮಾಡಲು ಕಾನೂನಿನ ಅಡ್ಡಿ ಏನೂ ಇಲ್ಲ. ಡೊಂಬಿವಿಲಿಯ ಹಿರಿಯರು ಕೊನೆಗೆ ಮಾಡಿದ್ದು ಅದನ್ನೇ. ಸಂಘದ ಇಬ್ಬರು ನಡುವೆ ಕೂತು ಮಾತಾಡಿ, 12 ಸಾವಿರಕ್ಕೆ ಫೈಲೂ ಹಕ್ಕೂ ಎರಡೂ ಒಂದೇ ಕಾಗದದಲ್ಲಿ ತೀರ್ಮಾನವಾಯಿತು. ಮೊದಲ ದಿನವೇ ಕೇಳಿದ್ದರೆ ಬಹುಶಃ ಐದಕ್ಕೆ ಆಗುತ್ತಿತ್ತು. ಉಳಿದ ಏಳು ಸಾವಿರ, ಆರು ತಿಂಗಳು ತಡವಾದ ಬೋರ್ಡು ಮತ್ತು ಎರಡು ಮನೆಗಳ ನಡುವಿನ ಮುನಿಸು, ಇವೆಲ್ಲ "ನಮ್ಮವನ ಹತ್ರ ಎಂಥ ಕಾಗದ" ಅನ್ನುವ ಮಾತಿಗೆ ತೆತ್ತ ಬಡ್ಡಿ.

ನಮ್ಮವನೇ ಆದರೆ ಕಾಗದ ಇನ್ನೂ ಬೇಕು ಅಂತೀನಿ ನಾನು. ಪರಕೀಯರ ಜೊತೆ ಜಗಳವಾದರೆ ಕೋರ್ಟಿನಲ್ಲಿ ಮುಗಿಯುತ್ತದೆ. ನಮ್ಮವರ ಜೊತೆ ಆದರೆ ಗಣೇಶೋತ್ಸವದಲ್ಲಿ, ಮದುವೆ ಮನೆಯಲ್ಲಿ, ಯಕ್ಷಗಾನದ ಆಟದಲ್ಲಿ ಎದುರಾಬದುರಾ ಬರುತ್ತಲೇ ಇರಬೇಕಲ್ಲ. ಏನಂತೀರಿ?